ಅಮ್ಮನ ಹೊಸ ಮಾತ್ರೆಗಳ ಬಗ್ಗೆ

ನಮಸ್ಕಾರ ಡಾಕ್ಟ್ರೇ,

ಅಮ್ಮನಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಹೋದ ತಿಂಗಳು ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ, ಪದೇ ಪದೇ ಮೂತ್ರಕ್ಕೆ ಹೋಗುವುದಕ್ಕೆ ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ ದಿನಕ್ಕೆರಡು ಸಲ ಬರೆದುಕೊಟ್ಟಿದ್ದಿರಿ. ಕಾಲುರಿ ನಿಜಕ್ಕೂ ಕಡಿಮೆಯಾಗಿದೆ. ಆದರೆ ಮೊದಲು ಇಲ್ಲದ ತೊಂದರೆಗಳು ಶುರುವಾಗಿವೆ.

ಮಲಬದ್ಧತೆ ಜಾಸ್ತಿ. ಮುಂಚೆ ದಿನಾ ಬೆಳಗ್ಗೆ ಸರಿಯಾಗಿ ಆಗುತ್ತಿತ್ತು. ಈಗ ಮೂರು ನಾಲ್ಕು ದಿನಕ್ಕೊಮ್ಮೆ, ಅದೂ ಮುಕ್ಕಿ ಮುಕ್ಕಿ. ರಕ್ತ ಹೋಗಿಲ್ಲ, ವಾಂತಿ ಇಲ್ಲ. ಹೊಟ್ಟೆ ಬಿಗಿಯಾಗಿದೆ ಅಂತ ಊಟ ಅರ್ಧಕ್ಕೇ ಬಿಡುತ್ತಾರೆ. ಸಕ್ಕರೆ ಮಾತ್ರೆ ಮಾತ್ರ ಹಾಗೇ ನಡೆಯುತ್ತಿದೆ, ಸಕ್ಕರೆ ತೀರಾ ಇಳಿದುಬಿಟ್ಟರೆ ಅಂತ ಅದೇ ನನಗೆ ಹೆಚ್ಚು ಭಯ.

ಬಾಯಿ ಸದಾ ಒಣಗಿರುತ್ತೆ. ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಚಪಾತಿ ಗಂಟಲಲ್ಲಿ ಇಳಿಯುವುದಿಲ್ಲ. ಕಟ್ಟಿಸಿದ ಹಲ್ಲು ಉಜ್ಜಿ ಒಸಡು ಕೆಂಪಾಗಿದೆ.

ಬೆಳಗ್ಗೆ ಹನ್ನೊಂದಾದರೂ ಮಂಪರು. ಹೂ ಕಟ್ಟುತ್ತಾ ಕೈಯಲ್ಲಿ ದಾರ ಹಿಡಿದೇ ತೂಕಡಿಸುತ್ತಾರೆ. ಎದ್ದಾಗ ಒಮ್ಮೆ ತಲೆ ತಿರುಗಿ ಬಾಗಿಲು ಹಿಡಿದುಕೊಂಡರು. ಬಿದ್ದಿಲ್ಲ. ಮಾತಿನಲ್ಲಿ ಗೊಂದಲವೂ ಇಲ್ಲ.

ನೆಗಡಿಗೆ ಅಂಗಡಿಯಿಂದ ತಂದ ಸೆಟಿರಿಜಿನ್ ಕೂಡ ಕೆಲವು ರಾತ್ರಿ ತೆಗೆದುಕೊಂಡಿದ್ದಾರೆ. ಈಗ ನಿಲ್ಲಿಸಿದ್ದೇವೆ. ನೀವು ಕೊಟ್ಟ ಮಾತ್ರೆ ಯಾವುದನ್ನೂ ನಾವಾಗಿ ಬಿಟ್ಟಿಲ್ಲ.

ಎರಡೂ ಮಾತ್ರೆ ಸೇರಿ ಹೀಗಾಗುತ್ತಿದೆಯಾ? ಡೋಸ್ ಇಳಿಸಬಹುದಾ, ಅಥವಾ ಒಂದನ್ನು ಬದಲಿಸಬಹುದಾ? ಮಲ ಸಡಿಲವಾಗಲು ಏನು ಕೊಡಲಿ? ಅಮ್ಮ ನಿಮ್ಮೆದುರು ‘ಚೆನ್ನಾಗಿದ್ದೀನಿ’ ಅಂದುಬಿಡುತ್ತಾರೆ, ಅದಕ್ಕೇ ಬರೆದು ಕಳಿಸಿದ್ದೇನೆ. ಮಾತ್ರೆ ಪಟ್ಟಿಗಳೆಲ್ಲ ಚೀಲದಲ್ಲಿವೆ, ದಯವಿಟ್ಟು ನೋಡಿ.

ಇಂತಿ,
ಮಗಳು