ಅರೆಕಾಲಿಕ ಪಿಎಚ್‌ಡಿ ಪ್ರವೇಶಕ್ಕೆ ಉದ್ದೇಶ ಪತ್ರ

ಆಯ್ಕೆ ಸಮಿತಿಯ ಮಾನ್ಯ ಸದಸ್ಯರಿಗೆ ನಮಸ್ಕಾರ.

ನಾನು 5ರಿಂದ 7ನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವ ಶಾಲಾ ಶಿಕ್ಷಕಿ. ಈ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿದೆ. ಶಿಕ್ಷಣ ವಿಭಾಗದಲ್ಲಿ ಅರೆಕಾಲಿಕ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೇನೆ. ನಾನು ಆರಿಸಿಕೊಂಡಿರುವ ವಿಷಯ ಭಿನ್ನರಾಶಿ. ಮಕ್ಕಳು ಸರಿ ಉತ್ತರ ಬರೆದಾಗ ಅದರ ಹಿಂದಿನ ಯೋಚನೆಯೂ ಸರಿ ಇದೆಯೇ? ಪಾಠ ನಡೆಯುತ್ತಿರುವಾಗಲೇ ಶಿಕ್ಷಕರು ಇದನ್ನು ತಿಳಿಯುವುದು ಹೇಗೆ? ತಿಳಿದ ಮೇಲೆ ಮುಂದಿನ ಪಾಠವನ್ನು ಹೇಗೆ ಬದಲಿಸುತ್ತಾರೆ? ನಾನು ಹುಡುಕಬೇಕೆಂದಿರುವುದು ಇದನ್ನೇ.

ತಪ್ಪು ಉತ್ತರಗಳ ಬಗ್ಗೆ ಈಗಾಗಲೇ ಬಹಳ ಅಧ್ಯಯನ ಆಗಿದೆ. 1/2 + 1/3 = 2/5 ಎಂದು ಬರೆಯುವ ಮಗು ಪ್ರತಿ ಶಾಲೆಯಲ್ಲೂ ಸಿಗುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರೆ ಆಯಿತು ಎಂದು ಆ ಮಗುವಿಗೆ ಅನಿಸಿದೆ. 2/5 ಎಂಬುದು 1/2ಕ್ಕಿಂತ ಚಿಕ್ಕದು, ಕೂಡಿಸಿದ ಮೇಲೆ ಉತ್ತರ ಚಿಕ್ಕದಾಗುವುದು ಹೇಗೆ ಎಂಬ ಅನುಮಾನವೇ ಬಂದಿಲ್ಲ. ಪೂರ್ಣಸಂಖ್ಯೆಗಳಲ್ಲಿ ಕಲಿತ ನಿಯಮಗಳನ್ನೇ ಮಕ್ಕಳು ಭಿನ್ನರಾಶಿಗೂ ತರುತ್ತಾರೆ ಎಂದು ಸಂಶೋಧಕರು ದಶಕಗಳಿಂದ ತೋರಿಸಿದ್ದಾರೆ.

ನನ್ನನ್ನು ಜಾಸ್ತಿ ಕಾಡುವುದು ಸರಿ ಉತ್ತರಗಳು. 3/5 ಮತ್ತು 1/4ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ತರಗತಿಯ ಬಹುಪಾಲು ಮಕ್ಕಳು 3/5 ಎನ್ನುತ್ತಾರೆ. ಸರಿಯೇ. ಆದರೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಕೆಲವರು, "3 ಅನ್ನೋದು 1ಕ್ಕಿಂತ ದೊಡ್ಡದು, 5 ಅನ್ನೋದು 4ಕ್ಕಿಂತ ದೊಡ್ಡದು, ಅದಕ್ಕೇ" ಎನ್ನುತ್ತಾರೆ. ಇದೇ ದಾರಿ ಹಿಡಿದರೆ 1/3 ಮತ್ತು 2/7ರಲ್ಲಿ 2/7 ದೊಡ್ಡದು ಎಂದು ಹೇಳಬೇಕಾಗುತ್ತದೆ, ಅದು ತಪ್ಪು. ಇನ್ನು ಕೆಲವು ಮಕ್ಕಳಿಗೆ 5/6 ಮತ್ತು 7/8 ಎರಡೂ ಸಮ. ಎರಡರಲ್ಲೂ ಒಂದು ತುಂಡು ತಾನೇ ಕಡಿಮೆ ಇರುವುದು, ಅಲ್ವಾ? ಆ ಕಾಣೆಯಾದ ತುಂಡು ಎಷ್ಟು ದೊಡ್ಡದು ಎಂದು ಅವರು ನೋಡಿಲ್ಲ. ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬಂತು ಎಂಬುದರ ಮೇಲೆ ಈ ಮಕ್ಕಳಿಗೆ ಪೂರ್ತಿ ಅಂಕವೂ ಸಿಗಬಹುದು, ಸೊನ್ನೆಯೂ ಸಿಗಬಹುದು. ಯೋಚನೆ ಮಾತ್ರ ಎರಡೂ ಸಲ ಒಂದೇ. ಅಂಕ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಕಾಣದ ಕಾರಣ, ಅಧ್ಯಾಯ ಮುಗಿಯಿತೆಂದು ನಾವು ಮುಂದಕ್ಕೆ ಹೋಗುತ್ತೇವೆ.

ಇದರ ಬೆಲೆ ಮುಂದೆ ತೆರಬೇಕಾಗುತ್ತದೆ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ 12/13 + 7/8 ಸುಮಾರು ಎಷ್ಟಾಗಬಹುದು ಎಂದು ಕೇಳಿದ್ದರು. ಆಯ್ಕೆಗಳು 1, 2, 19, 21. ಎರಡೂ ಒಂದಕ್ಕೆ ಹತ್ತಿರ, ಹಾಗಾಗಿ ಉತ್ತರ 2. ಅದನ್ನು ಆರಿಸಿದವರು ಶೇಕಡ 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದರು. ಇವರು ಭಿನ್ನರಾಶಿ ಕೂಡುವುದನ್ನು ಕಲಿಯುವ ತರಗತಿಗಳನ್ನು ದಾಟಿ ಬಂದ ಮಕ್ಕಳು. 12/13 ಒಂದು ಸಂಖ್ಯೆ, ಅದಕ್ಕೊಂದು ಗಾತ್ರ ಇದೆ ಎಂಬುದೇ ಅವರಿಗೆ ಮುಟ್ಟಿರಲಿಲ್ಲ. 2012ರಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ದೀರ್ಘಕಾಲದ ಮಾಹಿತಿ ನೋಡಿದರು. ಪ್ರಾಥಮಿಕ ಶಾಲೆಯಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿತ್ತು ಎಂಬುದು ಐದಾರು ವರ್ಷಗಳ ನಂತರದ ಬೀಜಗಣಿತದ ಸಾಧನೆಯನ್ನು ಮುನ್ಸೂಚಿಸುತ್ತದೆ ಎಂದು ಕಂಡುಕೊಂಡರು. ಬುದ್ಧಿಮತ್ತೆ, ಮನೆಯ ಆದಾಯ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಮುನ್ಸೂಚನೆ ಇದೆ ಎಂದ ಮಾತ್ರಕ್ಕೆ ಅದೇ ಕಾರಣ ಎಂದು ಹೇಳಲಾಗದು. ಆದರೂ ಈ ಅಧ್ಯಾಯವನ್ನು ಸುಮ್ನೆ ಮುಗಿಸಿ ಹೋಗುವಂತಿಲ್ಲ ಎಂದು ನಂಬಲು ಇಷ್ಟು ಸಾಕು.

ಹಾಗಾದರೆ ಶಿಕ್ಷಕರು ಏನು ಮಾಡಬೇಕು? ಪಾಠದ ನಡುವೆಯೇ ಮಕ್ಕಳ ಕಲಿಕೆಯನ್ನು ಗಮನಿಸಿ ಬೋಧನೆಯನ್ನು ತಿದ್ದಿಕೊಂಡರೆ ಫಲ ಇದೆ ಎಂದು ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ 1998ರಲ್ಲೇ ನೂರಾರು ಅಧ್ಯಯನಗಳನ್ನು ಪರಿಶೀಲಿಸಿ ಬರೆದರು. ಒಪ್ಪುವ ಮಾತು. ಆದರೆ 40 ನಿಮಿಷದ ಪೀರಿಯಡ್‌ನಲ್ಲಿ, ತುಂಬಿದ ತರಗತಿಯಲ್ಲಿ, ಪಠ್ಯ ಮುಗಿಸುವ ಒತ್ತಡದ ನಡುವೆ ಅದು ಹೇಗೆ ನಡೆಯುತ್ತದೆ? ಯಾವ ಪ್ರಶ್ನೆ ಕೇಳಿದರೆ ಮಗುವಿನ ಯೋಚನೆ ಹೊರಗೆ ಬರುತ್ತದೆ? ಬಂದ ಹತ್ತು ಬಗೆಯ ಯೋಚನೆಗಳಲ್ಲಿ ಯಾವುದನ್ನು ಹಿಡಿದು ಪಾಠ ಮುಂದುವರಿಸಬೇಕು? ಒಬ್ಬ ಶಿಕ್ಷಕಿ ಆ ಕ್ಷಣದಲ್ಲಿ ಏನನ್ನು ಗಮನಿಸುತ್ತಾಳೆ, ಏನನ್ನು ಬಿಡುತ್ತಾಳೆ, ಯಾಕೆ? ಒಳಗಿನಿಂದ ನೋಡಿದವರು ಈ ಪ್ರಶ್ನೆಗಳಿಗೆ ಇನ್ನಷ್ಟು ಹೇಳಬಲ್ಲರು ಎಂಬುದು ನನ್ನ ನಂಬಿಕೆ.

ಅರೆಕಾಲಿಕವಾಗಿಯೇ ಯಾಕೆ ಮಾಡುತ್ತೀರಿ, ಕೆಲಸಕ್ಕೆ ರಜೆ ಹಾಕಿ ಪೂರ್ಣಾವಧಿ ಮಾಡಬಾರದೇ ಎಂದು ನೀವು ಕೇಳಬಹುದು. ಸಂಬಳ ಬೇಕು ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಸಂಶೋಧನೆಯ ಒಳಗೇ ಇದೆ. ನಮ್ಮ ಶಾಲೆಯಲ್ಲಿ ಒಂದು ತರಗತಿಗೆ ಭಿನ್ನರಾಶಿ ಅಧ್ಯಾಯ ಬರುವುದು ವರ್ಷಕ್ಕೆ ಒಂದೇ ಸಲ. ಕೆಲವು ವಾರ ನಡೆದು ಮುಗಿಯುತ್ತದೆ. ಒಂದು ವರ್ಷ ಮಾಡಿ ನೋಡಿ, ಸಿಕ್ಕಿದ್ದನ್ನು ಕೂತು ಓದಿ, ಪಾಠವನ್ನು ತಿದ್ದಿ, ಮುಂದಿನ ವರ್ಷ ಬೇರೆ ಮಕ್ಕಳ ಜೊತೆ ಮತ್ತೆ ಮಾಡಬೇಕು. ಇಂಥ ಮೂರು ಸುತ್ತು ನನಗೆ ಬೇಕು. ಒಂದೇ ಸುತ್ತಿನಲ್ಲಿ ಕಂಡದ್ದು ಆ ವರ್ಷದ ಮಕ್ಕಳ ಗುಣವೋ ಪಾಠದ ಗುಣವೋ ಹೇಳುವುದು ಕಷ್ಟ. ಮೂರು ವರ್ಷದಲ್ಲಿ ಮುಗಿಸಬೇಕಾದ ಪೂರ್ಣಾವಧಿ ಸಂಶೋಧಕರಿಗೆ ಓದು, ಬರವಣಿಗೆಯ ಕಾಲ ಕಳೆದರೆ ಒಂದೋ ಎರಡೋ ಸುತ್ತು ಮಾತ್ರ ಸಿಗುತ್ತದೆ. ಐದು ವರ್ಷದ ಅರೆಕಾಲಿಕ ಅವಧಿ ನನ್ನ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಎರಡು ಸುತ್ತುಗಳ ನಡುವಿನ ತಿಂಗಳುಗಳು ವ್ಯರ್ಥವಲ್ಲ, ವಿಶ್ಲೇಷಣೆ ನಡೆಯುವುದೇ ಆಗ.

ಮೊದಲ ವರ್ಷ ಕೋರ್ಸ್‌ವರ್ಕ್, ಓದು, ಮತ್ತು ಬೇರೊಂದು ವಿಭಾಗದ ಮಕ್ಕಳ ಜೊತೆ ಪ್ರಶ್ನೆಗಳ ಪ್ರಾಯೋಗಿಕ ಪರೀಕ್ಷೆ. ಎರಡು, ಮೂರು, ನಾಲ್ಕನೇ ವರ್ಷ ಒಂದೊಂದು ಸುತ್ತು. ಐದನೇ ವರ್ಷ ಪ್ರಬಂಧ. ಪ್ರತಿ ಸುತ್ತಿನಲ್ಲೂ ಪಾಠದ ಧ್ವನಿಮುದ್ರಣ, ಮಕ್ಕಳ ಕೆಲಸದ ಹಾಳೆಗಳು, ಕೆಲವು ಮಕ್ಕಳೊಂದಿಗೆ ಒಬ್ಬೊಬ್ಬರಾಗಿ ಮಾತುಕತೆ, ಅದೇ ದಿನ ನಾನು ಬರೆಯುವ ಪಾಠದ ಟಿಪ್ಪಣಿ ಇರುತ್ತವೆ. ವೃತ್ತದ ಚಿತ್ರಕ್ಕಿಂತ ಸಂಖ್ಯಾರೇಖೆಯನ್ನು ಜಾಸ್ತಿ ಬಳಸುತ್ತೇನೆ. ತುಂಡು ಮಾಡಿದ ವೃತ್ತದಲ್ಲಿ 7/5 ಎಂದರೆ ಮಕ್ಕಳಿಗೆ ಗೊಂದಲ. ರೇಖೆಯ ಮೇಲೆ ಅದು 1ರ ಆಚೆ ಇರುವ ಒಂದು ಜಾಗ, ಅಷ್ಟೇ. ಇಬ್ಬರು ಸಹೋದ್ಯೋಗಿಗಳು ಮೂರನೇ ಸುತ್ತಿನಲ್ಲಿ ತಮ್ಮ ತರಗತಿಯಲ್ಲೂ ಇದನ್ನು ಮಾಡಲು ಒಪ್ಪಿದ್ದಾರೆ. ನನ್ನೊಬ್ಬಳ ಕೈಯಲ್ಲಿ ನಡೆಯುವುದು ಇತರರ ಕೈಯಲ್ಲೂ ನಡೆಯುತ್ತದೆಯೇ ಎಂದು ಆಗ ಗೊತ್ತಾಗುತ್ತದೆ.

ಸ್ವಂತ ತರಗತಿಯನ್ನೇ ಅಧ್ಯಯನ ಮಾಡುವುದರಲ್ಲಿ ಒಂದು ನೈತಿಕ ತೊಡಕಿದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಕ ಕೊಡುವವಳೇ ಅನುಮತಿ ಕೇಳಿದರೆ ಯಾವ ಮಗು ಬೇಡ ಎಂದೀತು? ಯಾವ ಪೋಷಕರು ಎಂದಾರು? ಆದ್ದರಿಂದ ಒಪ್ಪಿಗೆ ಪತ್ರಗಳನ್ನು ನಾನು ಕೇಳುವುದಿಲ್ಲ. ಆ ಮಕ್ಕಳಿಗೆ ಪಾಠ ಮಾಡದ ಒಬ್ಬ ಸಹೋದ್ಯೋಗಿ ಪೋಷಕರಿಗೂ ಮಕ್ಕಳಿಗೂ ವಿವರಿಸಿ, ಪತ್ರಗಳನ್ನು ಪಡೆದು, ಮುಚ್ಚಿದ ಲಕೋಟೆಯಲ್ಲಿ ಇಡುತ್ತಾರೆ. ವರ್ಷದ ಅಂಕಗಳು ಅಂತಿಮವಾಗುವವರೆಗೂ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ನನಗೆ ಗೊತ್ತಾಗುವುದಿಲ್ಲ. ಒಬ್ಬೊಬ್ಬರಾಗಿ ನಡೆಸುವ ಮಾತುಕತೆಯನ್ನೂ ಇದೇ ಕಾರಣಕ್ಕೆ ಅವರೇ ನಡೆಸಿಕೊಡುತ್ತಾರೆ. ಪಾಠ ಎಲ್ಲರಿಗೂ ಒಂದೇ. ಒಪ್ಪದವರ ಮಾಹಿತಿಯನ್ನು ಆಮೇಲೆ ತೆಗೆದುಹಾಕುತ್ತೇನೆ. ಮಗುವಿಗೆ ನಡುವೆ ಬೇಡ ಅನಿಸಿದರೂ ಆ ಸಹೋದ್ಯೋಗಿಗೆ ಹೇಳಿ ಹಿಂದೆ ಸರಿಯಬಹುದು. ಪಾಠಕ್ಕೂ ಸಂಶೋಧನೆಗೂ ಜಗಳ ಬಿದ್ದ ದಿನ ಪಾಠವೇ ಗೆಲ್ಲಬೇಕು. ಮಾಹಿತಿ ಕೈತಪ್ಪಿದರೆ ತಪ್ಪಲಿ.

ನನ್ನ ಪಾಠವನ್ನು ನಾನೇ ಅಳೆಯುವಾಗ ಒಲವು ನುಸುಳುತ್ತದೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಮಕ್ಕಳ ವಿವರಣೆಗಳ ಒಂದು ಭಾಗವನ್ನು, ಯಾವ ಸುತ್ತಿನದು ಎಂದು ಗೊತ್ತಿಲ್ಲದ ಇನ್ನೊಬ್ಬರು ಪ್ರತ್ಯೇಕವಾಗಿ ವಿಂಗಡಿಸುತ್ತಾರೆ. ನಮ್ಮಿಬ್ಬರ ನಡುವೆ ಭಿನ್ನಾಭಿಪ್ರಾಯ ಬಂದ ಕಡೆ ಅದನ್ನು ಪ್ರಬಂಧದಲ್ಲಿ ಹಾಗೆಯೇ ತೋರಿಸುತ್ತೇನೆ.

ಇನ್ನು ಸಮಯ. ವಾರಕ್ಕೆ 14 ಗಂಟೆ ಕೊಡಬಲ್ಲೆ. ಶನಿವಾರ ಮಧ್ಯಾಹ್ನದಿಂದ ಸಂಜೆವರೆಗೆ, ವಾರದಲ್ಲಿ ಮೂರು ಬೆಳಗ್ಗೆ ಶಾಲೆಗೆ ಮುಂಚೆ, ಮತ್ತು ಬುಧವಾರದ ಕೊನೆಯ ಎರಡು ಪೀರಿಯಡ್. ಬುಧವಾರದ ಬಿಡುವನ್ನು ಮುಖ್ಯ ಶಿಕ್ಷಕರು ಲಿಖಿತವಾಗಿ ಒಪ್ಪಿದ್ದಾರೆ, ಪತ್ರ ಲಗತ್ತಿಸಿದ್ದೇನೆ. ಪರೀಕ್ಷೆ, ಮೌಲ್ಯಮಾಪನ ನಡೆಯುವ ವಾರಗಳಲ್ಲಿ ಸಂಶೋಧನೆ ಮುಂದೆ ಸಾಗುವುದಿಲ್ಲ. ಸಾಗುತ್ತದೆ ಎಂದು ಭರವಸೆ ಕೊಡುವುದು ಸುಳ್ಳಾಗುತ್ತದೆ. ಅದನ್ನು ದೊಡ್ಡ ರಜೆಯಲ್ಲಿ ತುಂಬಿಕೊಳ್ಳುವ ಲೆಕ್ಕ ಹಾಕಿದ್ದೇನೆ. ಶಾಲಾ ಪತ್ರಿಕೆಯ ಹೊಣೆಯನ್ನು ಈ ವರ್ಷ ಬೇರೆಯವರಿಗೆ ವಹಿಸಿದ್ದೇನೆ. ಮನೆಗೆಲಸ ಹೇಗೆ ಹಂಚಿಕೊಳ್ಳಬೇಕೆಂದು ಮನೆಯವರೊಂದಿಗೆ ಮಾತಾಡಿಯಾಗಿದೆ.

ನಿಮ್ಮ ವಿಭಾಗದಿಂದ ನನಗೆ ಬೇಕಾದದ್ದೂ ಇದೆ. ಮಾರ್ಗದರ್ಶಕರ ಭೇಟಿ ಸಂಜೆ ಅಥವಾ ಶನಿವಾರ ಸಿಗಬೇಕು, ಆನ್‌ಲೈನ್ ಆದರೂ ಸರಿ. ಗ್ರಂಥಾಲಯದ ಪತ್ರಿಕೆಗಳು ಮನೆಯಿಂದಲೇ ಓದಲು ಸಿಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗುಣಾತ್ಮಕ ವಿಶ್ಲೇಷಣೆಯಲ್ಲಿ ತರಬೇತಿ ಬೇಕು. ಗಣಿತದಲ್ಲಿ ಎಂಎಸ್ಸಿ, ನಂತರ ಬಿಎಡ್, ಎಂಎಡ್ ಮಾಡಿದ್ದೇನೆ. ಎಂಎಡ್‌ನಲ್ಲಿ ದಶಮಾಂಶಗಳ ಬಗ್ಗೆ ಕಿರು ಪ್ರಬಂಧ ಬರೆದಿದ್ದೆ. 0.5ಕ್ಕಿಂತ 0.125 ದೊಡ್ಡದು, ಯಾಕೆಂದರೆ ಅದರಲ್ಲಿ ಅಂಕಿಗಳು ಜಾಸ್ತಿ ಎನ್ನುವ ಮಕ್ಕಳ ಕುರಿತು. ಅದು ಪೂರ್ತಿ ಅಂಕಿ-ಅಂಶದ ಕೆಲಸ. ಎಷ್ಟು ಮಕ್ಕಳು ಹಾಗೆನ್ನುತ್ತಾರೆ ಎಂದು ಎಣಿಸಲು ಬಂತು, ಅವರ ಮಾತನ್ನು ಸಾಲು ಸಾಲಾಗಿ ಓದಿ ಅರ್ಥ ಮಾಡಿಕೊಳ್ಳುವ ಶಿಸ್ತು ನನಗೆ ಇನ್ನೂ ಬರಬೇಕು.

ಪಿಎಚ್‌ಡಿ ಮುಗಿದ ಮೇಲೂ ಶಾಲೆಯಲ್ಲೇ ಇರುತ್ತೇನೆ. ಶಿಕ್ಷಕರ ತರಬೇತಿಗಳಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಬೇರೆಯವರು ಕಂಡುಕೊಂಡದ್ದರ ಸಾರಾಂಶ. ತರಗತಿಯಲ್ಲಿ ನಿಂತು ಕಂಡುಕೊಂಡದ್ದನ್ನು ಆಧಾರ ಸಮೇತ ಹೇಳುವ ಶಿಕ್ಷಕರು ಹೆಚ್ಚಬೇಕು ಎಂಬುದು ನನ್ನ ಆಸೆ. ಭಿನ್ನರಾಶಿಯ ಮೇಲೆ ಒಂದಿಷ್ಟು ಒಳ್ಳೆಯ ಪ್ರಶ್ನೆಗಳು, ಪ್ರತಿ ಪ್ರಶ್ನೆಗೂ ಮಕ್ಕಳು ಕೊಡುವ ನಾನಾ ಕಾರಣಗಳು, ಅವುಗಳಿಂದ ಪಾಠ ಎತ್ತ ಹೋಗಬಹುದು ಎಂಬ ವಿವರ – ಇಷ್ಟನ್ನು ಒಟ್ಟುಗೂಡಿಸಿ ಯಾವ ಶಿಕ್ಷಕರಾದರೂ ಉಚಿತವಾಗಿ ಬಳಸುವಂತೆ ಕೊಡುತ್ತೇನೆ.

ಸಂದರ್ಶನಕ್ಕೆ ಕರೆದರೆ, ಪ್ರಾಯೋಗಿಕವಾಗಿ ಸಿದ್ಧಪಡಿಸಿರುವ ಪ್ರಶ್ನೆಗಳ ಹಾಳೆಯನ್ನು ತರುತ್ತೇನೆ. ನನ್ನ ಮೊದಲ ಸುತ್ತಿಗೆ ಎರಡನೇ ವರ್ಷದ ಭಿನ್ನರಾಶಿ ಅಧ್ಯಾಯವೇ ಆಗಬೇಕು. ಹಾಗಾಗಿ ನೈತಿಕ ಸಮಿತಿಗೆ ಅರ್ಜಿ ಯಾವಾಗ ಸಲ್ಲಿಸಬೇಕು ಎಂಬುದನ್ನೂ ಅಂದೇ ನಿಮ್ಮೊಂದಿಗೆ ಮಾತಾಡಲು ಬಯಸುತ್ತೇನೆ.

ವಂದನೆಗಳೊಂದಿಗೆ.