ಎರಡು ಕೋಡ್, ಒಂದೇ ಖಾತೆ

ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗುತ್ತಿದೆಯಾ ಅಂತ ನೋಡುವ ರಿಪೋರ್ಟ್ ರಾತ್ರಿ ಎರಡು ಗಂಟೆಗೆ ತಾನಾಗೇ ಓಡಿತು. ಐದು ನಿಮಿಷದಲ್ಲಿ ಸುಮಾಳ ಮೇಲ್‌ಗೆ ಬಂದು ಬಿತ್ತು. ಅದರಲ್ಲಿ ಇದ್ದದ್ದು ಮೂರೇ ಸಾಲು.

ಜೂನ್ 30 ಆಗಲೇ ಶುರುವಾಗಿತ್ತು. ಸಂಜೆಯೊಳಗೆ ತಿಂಗಳ ಲೆಕ್ಕ ಮುಚ್ಚಬೇಕು. ಅದಕ್ಕೂ ಮೊದಲು, ಬೆಳಗಿನ ಐದು ಗಂಟೆಗೆ, ಪೇಮೆಂಟ್ ಫೈಲ್ ಬ್ಯಾಂಕಿಗೆ ಹೋಗುತ್ತದೆ. 214 ಪೇಮೆಂಟ್, ಒಟ್ಟು ಮೊತ್ತ 3,12,74,180. ಹಿಂದಿನ ಸಂಜೆಯೇ ಪಟ್ಟಿ ತಯಾರಾಗಿ, ಒಂದು ಸಹಿಯೂ ಬಿದ್ದಿತ್ತು.

ಮೊದಲ ಎರಡು ಸಾಲನ್ನು ಸುಮಾ ಬೇಗ ಮುಗಿಸಿದಳು. ಒಂದು ಬಾಡಿಗೆ, ಇನ್ನೊಂದು ಸೆಕ್ಯುರಿಟಿ ಏಜೆನ್ಸಿಯ ಬಿಲ್. ಎರಡೂ ಪ್ರತಿ ತಿಂಗಳು ಅಷ್ಟೇ ಮೊತ್ತಕ್ಕೆ ಬರುವಂಥವು. ಬಿಲ್ ನಂಬರ್ ಬೇರೆ, ತಿಂಗಳು ಬೇರೆ. ಸರಿ ಅಂತ ಗುರುತು ಹಾಕಿ ಮುಂದೆ ಹೋದಳು. ಮೂರನೇ ಸಾಲಿನ ಹತ್ತಿರ ಕೈ ನಿಂತಿತು.

```
INV_NO    VENDOR   INV_DATE   AMOUNT     STATUS
GS/0781   210448   03-06      4,86,500   PAID 18-06
GS-O781   213907   06-03      4,86,500   PROPOSED
```

ಮೇಲಿನದರಲ್ಲಿ ಸೊನ್ನೆ. ಕೆಳಗಿನದರಲ್ಲಿ ಇಂಗ್ಲಿಷ್ ಅಕ್ಷರ ಓ. ಒಂದರಲ್ಲಿ ಅಡ್ಡಗೆರೆ ಓರೆ, ಇನ್ನೊಂದರಲ್ಲಿ ನೇರ. ವೆಂಡರ್ ಕೋಡ್ ಬೇರೆ, ತಾರೀಖೂ ಬೇರೆ. ಅಕೌಂಟ್ಸ್ ಸಾಫ್ಟ್‌ವೇರ್‌ಗೆ ಇವು ಎರಡು ಬೇರೆ ಬೇರೆ ಬಿಲ್. ಅದು ವೆಂಡರ್, ನಂಬರ್, ತಾರೀಖು, ಮೊತ್ತ ನಾಲ್ಕೂ ಅಚ್ಚುಕಟ್ಟಾಗಿ ಹೊಂದಿದರೆ ಮಾತ್ರ ತಡೆಯುತ್ತದೆ. ಒಂದು ಅಕ್ಷರ ಆಚೀಚೆ ಆದರೂ ಬಿಟ್ಟುಬಿಡುತ್ತದೆ.

ಸುಮಾಳ ರಿಪೋರ್ಟ್ ಹಾಗಲ್ಲ. ಅದು ವೆಂಡರ್ ಕೋಡನ್ನು ನೋಡುವುದೇ ಇಲ್ಲ. ದುಡ್ಡು ಕೊನೆಗೆ ಯಾವ ಬ್ಯಾಂಕ್ ಖಾತೆಗೆ ಹೋಗುತ್ತದೆ ಅನ್ನೋದನ್ನು ನೋಡುತ್ತದೆ. ಬಿಲ್ ನಂಬರಿನಲ್ಲಿರುವ ಗೆರೆ, ಚುಕ್ಕಿ, ಖಾಲಿ ಜಾಗ ಎಲ್ಲ ತೆಗೆದು, ಓ ಅಕ್ಷರವನ್ನು ಸೊನ್ನೆ ಮಾಡಿ, ಆಮೇಲೆ ಹೋಲಿಸುತ್ತದೆ. ಈ ಬದಲಾವಣೆ ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಅದಕ್ಕೆ ಮುಂಚಿನ ರಿಪೋರ್ಟಿನಲ್ಲಿ ದಿನಾ ಇನ್ನೂರು ಮುನ್ನೂರು ಸಾಲು ಬರುತ್ತಿತ್ತು, ಯಾರೂ ಓದುತ್ತಿರಲಿಲ್ಲ. ಓದದೇ ಇದ್ದದ್ದು ಅವರ ತಪ್ಪೂ ಅಲ್ಲ. ಅಷ್ಟು ಸುಳ್ಳು ಎಚ್ಚರಿಕೆ ಬಂದರೆ ಯಾರು ತಾನೇ ಓದುತ್ತಾರೆ?

ಎರಡೂ ಬಿಲ್ ಒಂದೇ ಖಾತೆಗೆ ಹೋಗುತ್ತಿದ್ದವು. ಜನರೇಟರ್ ರಿಪೇರಿ ಮಾಡುವ ಸಣ್ಣ ಸಂಸ್ಥೆ ಅದು. ಸಿಕ್ಕಿಬಿತ್ತು ಅಂತ ಸುಮಾಗೆ ಅನಿಸಿದ್ದು ನಿಜ. ಆದರೆ ಫೋನ್ ಎತ್ತಿಕೊಳ್ಳಲಿಲ್ಲ.

ಯಾಕೆಂದರೆ ಕೆಳಗಿನ ಬಿಲ್ಲಿನ ತಾರೀಖು ಮಾರ್ಚ್ 6. ಈ ಸಂಸ್ಥೆಯ ಜೊತೆ ಇರೋದು ಮೂರು ತಿಂಗಳಿಗೊಮ್ಮೆ ಸರ್ವಿಸ್ ಮಾಡುವ ಕರಾರು. ಪ್ರತಿ ಸಲ ಒಂದೇ ಮೊತ್ತ. ಮಾರ್ಚ್‌ನಲ್ಲಿ ಒಂದು, ಜೂನ್‌ನಲ್ಲಿ ಒಂದು. ಅಂದರೆ ಇದು ಡಬಲ್ ಬಿಲ್ ಆಗಿರದೆ, ಮಾರ್ಚ್‌ನಿಂದ ಎಲ್ಲೋ ಬಿದ್ದಿದ್ದ ನಿಜವಾದ ಬಿಲ್ಲೂ ಆಗಿರಬಹುದು. ಹಾಗಾದರೆ ಪಾಪ ಅವರು ಮೂರು ತಿಂಗಳಿಂದ ಕಾಯುತ್ತಿದ್ದಾರೆ. ಅಂಥದ್ದನ್ನು ಇವತ್ತು ತಡೆದರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ.

ಅವಳು ಎರಡೂ ಸ್ಕ್ಯಾನ್ ತೆರೆದು ಅಕ್ಕಪಕ್ಕ ಇಟ್ಟುಕೊಂಡಳು.

ಮೊದಲನೆಯದು ಮೇಲ್‌ನಲ್ಲಿ ಬಂದ ಪಿಡಿಎಫ್. ನೀಟಾಗಿತ್ತು. ಎರಡನೆಯದು ಕಾಗದದ ಪ್ರತಿ, ನಾಲ್ಕಾಗಿ ಮಡಚಿ ಬಿಡಿಸಿದ್ದು. ಮಡಿಕೆ ಸರಿಯಾಗಿ ಬಿಲ್ ನಂಬರ್ ಮೇಲೇ ಹಾದಿತ್ತು. ಸೊನ್ನೆಯ ಮೇಲ್ಭಾಗ ಮಾಸಿ, ದುಂಡಗೆ ಅಕ್ಷರದ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ ಪ್ಲಾಂಟ್‌ನವರ ನೇರಳೆ ಸೀಲು. ತಾರೀಖು ಮಾತ್ರ ಸ್ಪಷ್ಟವಾಗಿತ್ತು: 03/06. ಮೇಲಿನದರಲ್ಲೂ ಅದೇ, 03/06. ಸ್ಕ್ಯಾನಿಂಗ್ ತಂತ್ರಾಂಶ ಒಂದನ್ನು ಜೂನ್ 3 ಅಂತ ಓದಿತ್ತು, ಇನ್ನೊಂದನ್ನು ಮಾರ್ಚ್ 6 ಅಂತ. ಅದರಿಂದ ಇನ್ನೊಂದು ಅನಾಹುತವೂ ಆಗಿತ್ತು. 15 ದಿನದಲ್ಲಿ ಕೊಡಬೇಕಾದ ಬಿಲ್ ಮಾರ್ಚ್‌ನದ್ದು ಅಂದಾಗ, ಅದು ಮೂರು ತಿಂಗಳು ತಡವಾದ ಬಾಕಿ ಆಯಿತು. ಬಾಕಿ ಅಂತ ತುರ್ತು ಪಟ್ಟಿಗೆ ಸೇರಿತು. ಹೀಗಾಗಿ ಎಲ್ಲರಿಗಿಂತ ಮುಂದೆ ನಿಂತಿತ್ತು.

ಇಷ್ಟು ಸಾಲದು ಅಂತ ಅವಳಿಗೆ ಗೊತ್ತಿತ್ತು. ರಿಪೋರ್ಟ್ ನೋಡೋದು 90 ದಿನ ಹಿಂದಕ್ಕೆ ಮಾತ್ರ. ಹಳೇ ಕೋಡಿನ ಖಾತೆ ತೆರೆದು ಮಾರ್ಚ್ ತನಕ ಹೋದಳು. ಸಿಕ್ಕಿತು. `GS/0612`, ಮಾರ್ಚ್ 4ರ ಬಿಲ್, ಮಾರ್ಚ್ 19ಕ್ಕೆ ಪೂರ್ತಿ ಪಾವತಿ. ಮಾರ್ಚ್‌ನ ಲೆಕ್ಕ ಆಗಲೇ ಮುಗಿದಿತ್ತು. ಆಮೇಲೆ ಎರಡೂ ಸ್ಕ್ಯಾನಿನ ಕೆಳಗಿದ್ದ ಸರ್ವಿಸ್ ಚೀಟಿಯ ನಂಬರನ್ನು ದೊಡ್ಡದು ಮಾಡಿ ನೋಡಿದಳು. 3318. 3318. ಕೆಲಸ ನಡೆದ ದಿನ ಎರಡರಲ್ಲೂ ಜೂನ್ 2.

ಗಂಟೆ ಮೂರೂವರೆ.

ಅವಳ ಲಾಗಿನ್‌ನಲ್ಲಿ ನೋಡಬಹುದು ಅಷ್ಟೇ. ಪೇಮೆಂಟ್ ತಡೆಯುವ ಬಟನ್ ಅವಳಿಗಿಲ್ಲ, ಇರಬಾರದು ಕೂಡ. ಹುಡುಕುವವರು, ತಡೆಯುವವರು, ಸಹಿ ಹಾಕುವವರು ಬೇರೆ ಬೇರೆ ಇರಬೇಕು ಅನ್ನೋದು ಅವಳಿಗೂ ಒಪ್ಪಿಗೆಯಾದ ನಿಯಮವೇ. ಆದರೆ ಆ ಹೊತ್ತಿನಲ್ಲಿ ಅದು ಕಷ್ಟಕ್ಕೆ ಇಟ್ಟುಕೊಂಡಿತು. ಪೇಮೆಂಟ್ ತಂಡದ ಆನ್‌ಕಾಲ್ ನಂಬರಿಗೆ ಫೋನ್ ಹೊಡೆದಳು, ರಿಂಗ್ ಆಗಿ ಕಟ್ ಆಯಿತು. ಮತ್ತೆ ಹೊಡೆದಳು. ಕೊನೆಗೆ ಪಟ್ಟಿಯಲ್ಲಿ ಮುಂದಿನ ಹೆಸರು, ಮ್ಯಾನೇಜರ್ ಶ್ರೀಧರ್ ಅವರದ್ದು.

"ಸರ್, ಸುಮಾ ಮಾತಾಡ್ತಿರೋದು, ನೈಟ್ ಶಿಫ್ಟಿಂದ. ಇಷ್ಟೊತ್ತಲ್ಲಿ ಎಬ್ಬಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಐದು ಗಂಟೆ ಫೈಲಲ್ಲಿ ಒಂದು ಡಬಲ್ ಪೇಮೆಂಟ್ ಇದೆ."

ಆ ಕಡೆ ಸ್ವಲ್ಪ ಹೊತ್ತು ಬರೀ ಹಾಸಿಗೆ ಸರಿದ ಸದ್ದು. "ಎಷ್ಟು?"

"4,86,500 ಸರ್. ಜನರೇಟರ್ ಸರ್ವಿಸ್‌ನವರದ್ದು."

"ಅವರದ್ದಾ?" ದನಿ ಪೂರ್ತಿ ಎಚ್ಚರವಾಯಿತು. "ನೋಡಮ್ಮ, ಹೋದ ವರ್ಷ ಇವರದ್ದೇ ಒಂದು ಬಿಲ್ಲನ್ನ ನಾವು ಅನುಮಾನ ಅಂತ ನಿಲ್ಲಿಸಿ, ಅದು ಸರಿಯಾಗೇ ಇತ್ತು. ಅವರ ಹುಡುಗರಿಗೆ ಸಂಬಳ ತಡ ಆಗೋಯ್ತು. ಆ ಮನುಷ್ಯ ಇಲ್ಲೇ ಬಂದು ಕೂತಿದ್ರು ಪಾಪ. ಮೂರು ತಿಂಗಳಿಗೊಂದು ಬಿಲ್ ಬರುತ್ತಲ್ಲ, ಇದು ಮಾರ್ಚ್‌ದು ಯಾಕಾಗಿರಬಾರದು?"

"ಅದನ್ನೇ ನೋಡಿದೆ ಸರ್. ಮಾರ್ಚ್‌ದು 0612, 19ನೇ ತಾರೀಖೇ ಹೋಗಿದೆ. ಇವೆರಡರಲ್ಲೂ ಸರ್ವಿಸ್ ಚೀಟಿ ನಂಬರ್ ಒಂದೇ, 3318. ಕೆಲಸ ಆಗಿದ್ದೂ ಒಂದೇ ದಿನ. ಮೂರೂ ಸ್ಕ್ಯಾನ್ ನಿಮ್ಮ ಮೇಲ್‌ಗೆ ಹಾಕಿದ್ದೀನಿ."

"ಒಂದು ನಿಮಿಷ ಇರು."

ನಿಮಿಷ ಹತ್ತಾಯಿತು. ಸುಮಾ ಫೋನ್ ಕೆಳಗಿಡಲಿಲ್ಲ. ಆ ಕಡೆ ಕೀಬೋರ್ಡ್ ಸದ್ದು, ಒಮ್ಮೆ ಪಾಸ್‌ವರ್ಡ್ ತಪ್ಪಾದ ಬೀಪ್, ಮತ್ತೆ ಕೀಬೋರ್ಡ್.

"ಹೌದು ಕಣಮ್ಮ," ಅಂದರು ಶ್ರೀಧರ್. "ಬ್ಲಾಕ್ ಹಾಕ್ತಿದ್ದೀನಿ. ಎರಡನೇ ಸಹಿಗೆ ಮೇಡಂನ ನಾನೇ ಎಬ್ಬಿಸ್ತೀನಿ."

ನಾಲ್ಕು ನಲವತ್ತಕ್ಕೆ ಪಟ್ಟಿ ಹೊಸದಾಗಿ ತಯಾರಾಯಿತು. 213 ಪೇಮೆಂಟ್, 3,07,87,680. ಸುಮಾ ಹಳೇ ಮೊತ್ತದಿಂದ ಹೊಸ ಮೊತ್ತ ಕಳೆದಳು. 4,86,500. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಬೇರೆ ಯಾರ ದುಡ್ಡೂ ಅಲುಗಿಲ್ಲ. ಐದಕ್ಕೆ ಫೈಲ್ ಹೋಯಿತು.

ಬೆಳಗ್ಗೆ ಎಂಟೂವರೆಗೆ ಕಾವ್ಯ ಬಂದಳು. ಬಿಲ್ ಎಂಟ್ರಿ ಮಾಡುವ ಹುಡುಗಿ, ಸೇರಿ ಹೆಚ್ಚು ದಿನ ಆಗಿರಲಿಲ್ಲ. ಬ್ಯಾಗ್ ಇಡುವ ಮುಂಚೆಯೇ ಯಾರೋ ಸುದ್ದಿ ಮುಟ್ಟಿಸಿದ್ದರು. ನೇರ ಸುಮಾಳ ಸೀಟಿನ ಹತ್ತಿರ ಬಂದು ನಿಂತಳು.

"ಅಕ್ಕಾ, ಆ ಎಂಟ್ರಿ ನಂದೇ."

"ಕೂತ್ಕೋ," ಅಂದಳು ಸುಮಾ, ಕುರ್ಚಿ ಎಳೆದು. "ಇಲ್ಲಿ ನೋಡು. ನೀನು ಕೈಯಾರೆ ಟೈಪ್ ಮಾಡಿದ್ದೇನು ಇದರಲ್ಲಿ?"

ಕಾವ್ಯ ಪರದೆಯನ್ನು ದಿಟ್ಟಿಸಿದಳು. "ಏನೂ ಇಲ್ಲ. ಸ್ಕ್ಯಾನಿಂದ ಬಂದಿದ್ದನ್ನ ಓಕೆ ಮಾಡಿದೆ. ತಾರೀಖು ನೋಡಬೇಕಿತ್ತು."

"ನೋಡಬೇಕಿತ್ತು, ಹೌದು. ಆದರೆ ನೀನು ನೋಡಿದ್ರೂ ಸಾಫ್ಟ್‌ವೇರ್ ಇದನ್ನ ಹಿಡಿತಿರಲಿಲ್ಲ, ಗೊತ್ತಾ? ವೆಂಡರ್ ಕೋಡೇ ಬೇರೆ. ಏಪ್ರಿಲ್‌ನಲ್ಲಿ ಅವರು ಆಫೀಸ್ ಬದಲಾಯಿಸಿದಾಗ, ಹಳೇ ಕೋಡಲ್ಲಿ ವಿಳಾಸ ತಿದ್ದೋ ಬದಲು ಹೊಸ ಕೋಡ್ ಮಾಡಿದ್ದಾರೆ. ಹಳೇದನ್ನ ಮುಚ್ಚಿಲ್ಲ. ಮೇಲ್‌ನಲ್ಲಿ ಬಂದಿದ್ದು ಹಳೇದಕ್ಕೆ ಹೋಯ್ತು, ಪ್ಲಾಂಟಿಂದ ಬಂದ ಕಾಗದ ಹೊಸದಕ್ಕೆ."

ಕಾವ್ಯ ಏನೂ ಹೇಳಲಿಲ್ಲ. ಆದರೆ ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಸ್ವಲ್ಪ ಹಿಂದಕ್ಕೆ ಸರಿದು ಕೂತಳು.

ಶ್ರೀಧರ್ ಕೇಳಿದ್ದ ಟಿಪ್ಪಣಿಯನ್ನು ಸುಮಾ ಆಗಲೇ ಬರೆದಿದ್ದಳು. ಎಂಟ್ರಿ ಮಾಡಿದವರ ಐಡಿ ಅದರಲ್ಲಿ ಇತ್ತು, ಮುಚ್ಚಿಡುವಂಥದ್ದೇನೂ ಅಲ್ಲ. ಆದರೆ ಕಾರಣ ಅನ್ನೋ ಜಾಗದಲ್ಲಿ ಅವಳು ಬರೆದದ್ದು ಎರಡು ಕೋಡಿನ ಕಥೆ, ತಾರೀಖು ತಿರುಗಿಬಿದ್ದ ಕಥೆ. ಹೊಣೆ ಯಾರದ್ದು ಅಂತ ಬರೆಯುವುದು ಸುಲಭ. ಆದರೆ ಹಾಗೆ ಬರೆದರೆ ಎರಡು ಕೋಡ್ ಹಾಗೇ ಉಳಿಯುತ್ತದೆ, ಮುಂದಿನ ತಿಂಗಳು ಇನ್ನೊಬ್ಬಳು ಇದೇ ಕುರ್ಚಿಯಲ್ಲಿ ಕೂರುತ್ತಾಳೆ.

"ಇನ್ನೂ ಒಂದು ಕೆಲಸ ಇದೆ," ಅಂದಳು ಸುಮಾ. "ದುಡ್ಡು ನಿಂತಿದೆ, ಲೆಕ್ಕ ಇನ್ನೂ ಸರಿಯಾಗಿಲ್ಲ."

"ಯಾಕೆ? ಬ್ಲಾಕ್ ಆಗಿದೆ ಅಲ್ವಾ?"

"ಬ್ಲಾಕ್ ಆಗಿದ್ದು ಪಾವತಿ. ಬಿಲ್ ಮಾತ್ರ ಪುಸ್ತಕದಲ್ಲೇ ಕೂತಿದೆ. ಇವತ್ತು ಹೀಗೇ ತಿಂಗಳು ಮುಚ್ಚಿದ್ರೆ ಒಂದೇ ಸರ್ವಿಸಿಗೆ ಎರಡು ಸಲ ಖರ್ಚು ಬೀಳುತ್ತೆ. ಕೊಡಬೇಕಾದ ಸಾಲದಲ್ಲೂ ಅಷ್ಟೇ ಜಾಸ್ತಿ ತೋರಿಸುತ್ತೆ."

ಕಾವ್ಯಗೆ ಹೊಳೆಯಿತು. "ರಿವರ್ಸ್ ಮಾಡಬೇಕು. ಜೂನ್ ತಾರೀಖಲ್ಲೇ."

"ಜೂನಲ್ಲೇ. ಜುಲೈಗೆ ಹೋಯ್ತು ಅಂದ್ರೆ ಎರಡೂ ತಿಂಗಳು ಕೆಡುತ್ತೆ."

ಕಾವ್ಯ ತನ್ನ ಸೀಟಿಗೆ ಹೋಗಿ ಲಾಗಿನ್ ಆದಳು. ಸುಮಾ ಅವಳ ಹಿಂದೆ ನಿಂತಳು, ಮೌಸ್ ಮುಟ್ಟಲಿಲ್ಲ. ಕಾವ್ಯ ಡಾಕ್ಯುಮೆಂಟ್ ನಂಬರ್ ಹಾಕಿದಳು. ಕಾರಣ ಆರಿಸಿದಳು. ಪೋಸ್ಟಿಂಗ್ ತಾರೀಖನ್ನು ಬೆರಳಿಟ್ಟು ಓದಿದಳು: "ಮೂವತ್ತು, ಆರು." ತಿಂಗಳು ಯಾವುದು, ದಿನ ಯಾವುದು ಅಂತ ಇನ್ನೊಮ್ಮೆ ನೋಡಿ ಒತ್ತಿದಳು. ಅನುಮೋದನೆ ಶ್ರೀಧರ್ ಅವರಿಂದ ಹತ್ತು ನಿಮಿಷದಲ್ಲಿ ಬಂತು.

ಹೊರಡುವ ಮುಂಚೆ ಸುಮಾ ವೆಂಡರ್ ಪಟ್ಟಿಯ ಮೇಲೆ ಒಂದು ಸಣ್ಣ ಕ್ವೆರಿ ಓಡಿಸಿದಳು. ಒಂದೇ ಬ್ಯಾಂಕ್ ಖಾತೆ, ಒಂದಕ್ಕಿಂತ ಹೆಚ್ಚು ಕೋಡ್.

```sql
SELECT bank_acct, COUNT(*)
FROM vendor_master
WHERE status = 'ACTIVE'
GROUP BY bank_acct
HAVING COUNT(*) > 1;
```

ಹನ್ನೊಂದು ಸಾಲು ಬಂತು. ಕೆಲವು ಸರಿಯಾದವೇ ಇರಬಹುದು, ಒಂದೇ ಸಂಸ್ಥೆಯ ಎರಡು ಶಾಖೆಗಳಿಗೆ ಒಂದೇ ಖಾತೆ ಇರುವುದು ಹೊಸದೇನಲ್ಲ. ಒಂದೊಂದನ್ನೂ ಕಾಗದ ತೆಗೆದು ನೋಡಿಯೇ ಹೇಳಬೇಕು.

"ಇದನ್ನ ನಂಗೆ ಕಳಿಸಿ ಅಕ್ಕಾ," ಅಂದಳು ಕಾವ್ಯ. "ವೆಂಡರ್ ಮಾಸ್ಟರ್‌ನವರ ಜೊತೆ ನಾನೇ ಕೂರ್ತೀನಿ. ಇವತ್ತು ಕ್ಲೋಸಿಂಗ್ ಗಲಾಟೆ, ನಾಳೆ ಬೆಳಗ್ಗೆ ಶುರು ಮಾಡ್ತೀನಿ."

"ಮೊದಲು ಆ ಜನರೇಟರ್‌ನವರಿಗೆ ಒಂದು ಫೋನ್ ಮಾಡು. ಪ್ಲಾಂಟಿಗೆ ಕಾಗದ ಕಳಿಸೋದು ಬೇಡ, ಮೇಲ್ ಸಾಕು ಅಂತ ಹೇಳು. ಜೂನ್ ದುಡ್ಡು ಮುಟ್ಟಿದೆಯಾ ಅಂತಾನೂ ಕೇಳು."

ಕಾವ್ಯ ಆಗಲೇ ನಂಬರ್ ಹುಡುಕುತ್ತಿದ್ದಳು. ಸುಮಾ ಪಟ್ಟಿಯನ್ನು ಅವಳ ಮೇಲ್‌ಗೆ ಹಾಕಿ, ಪರದೆ ಲಾಕ್ ಮಾಡಿ ಮನೆಗೆ ಹೊರಟಳು.