ಬಿಸಿಯಾಗಿ ಬಂದ ಫ್ರೋಜನ್ ಮೀನಿನ ಲೋಡ್ ಬಗ್ಗೆ

ಕುಶಾಲನಗರ
17 ಜುಲೈ 2025, ಗುರುವಾರ

ಇವರಿಂದ:
ಮ್ಯಾನೇಜರ್, ಕೋಲ್ಡ್ ಸ್ಟೋರೇಜ್, ಕುಶಾಲನಗರ, ಕೊಡಗು

ಇವರಿಗೆ:
ಮಾಲೀಕರು, ಫ್ರೋಜನ್ ಮೀನು ಸರಬರಾಜುದಾರರು, ಮಂಗಳೂರು

ವಿಷಯ: ನಿಮ್ಮ ಬಿಲ್ ನಂಬರ್ 418, ತಾರೀಖು 15-7-2025. ಒಟ್ಟು 125 ಬಾಕ್ಸ್, 2,150 ಕಿಲೋ. ಇದರಲ್ಲಿ 110 ಬಾಕ್ಸ್ ತಿರಸ್ಕರಿಸಿದ್ದೇವೆ.

ಮಾನ್ಯರೇ,

ನಿನ್ನೆ ಫೋನಿನಲ್ಲಿ ಮಾತಾಡಿದ್ದನ್ನೇ ಬರೆದು ಕಳಿಸುತ್ತಿದ್ದೇನೆ. ಆರು ವರ್ಷದಿಂದ ನಿಮ್ಮನ್ನು ಅಣ್ಣ ಅಂತಲೇ ಕರೆದು ರೂಢಿ. ಇಷ್ಟು ವರ್ಷದಲ್ಲಿ ಇಂಥ ಕಾಗದ ಬರೆಯುವ ಪ್ರಸಂಗ ಬಂದಿರಲಿಲ್ಲ. ಆದರೂ ಲೆಕ್ಕ ಲೆಕ್ಕವೇ. ಫೋನಿನಲ್ಲಿ ನೀವು ಒಂದು ಮಾತು ಹೇಳಿದಿರಿ: "ನಿಮ್ಮ ರೂಮಿಗೆ ಹಾಕಿಬಿಡಿ, ಸಂಜೆಯೊಳಗೆ ಗಟ್ಟಿಯಾಗುತ್ತೆ." ಅದು ಯಾಕೆ ಆಗುವುದಿಲ್ಲ ಅಂತ ಆಗ ಸರಿಯಾಗಿ ಹೇಳೋಕೆ ಆಗಲಿಲ್ಲ. ಹೊರಗೆ ಲಾರಿ ನಿಂತಿತ್ತು, ಮೇಲೆ ಮಳೆ ಬೇರೆ ಹೊಯ್ಯುತ್ತಿತ್ತು. ಈಗ ಹೇಳುತ್ತೇನೆ.

ಲಾರಿ ನಮ್ಮ ಗೇಟಿಗೆ ಬಂದಿದ್ದು ಬುಧವಾರ ಬೆಳಗ್ಗೆ 9:20ಕ್ಕೆ. ಸೀಲ್ ಸರಿಯಾಗಿತ್ತು, ನಂಬರ್ ನಿಮ್ಮ ಚಲನ್‌ಗೆ ಹೊಂದಿತು. ಹಾಗಾಗಿ ದಾರಿಯಲ್ಲಿ ಯಾರೋ ಬಾಗಿಲು ತೆಗೆದಿದ್ದಾರೆ ಅನ್ನುವ ಅನುಮಾನ ಇಲ್ಲ. ಆದರೆ ಬಾಗಿಲು ತೆಗೆದ ಕೂಡಲೇ ಗೊತ್ತಾಯಿತು. ಮುಖಕ್ಕೆ ಹೊಡೆಯಬೇಕಾದ ಚಳಿ ಹೊಡೆಯಲಿಲ್ಲ. ಬಾಗಿಲ ಪಕ್ಕದ ಕೆಳಗಿನ ಸಾಲಿನ ಬಾಕ್ಸುಗಳು ಒದ್ದೆಯಾಗಿ ಮೆತ್ತಗಾಗಿದ್ದವು. ನೆಲದ ಮೇಲೆ ಕೆಂಪು ನೀರು ನಿಂತಿತ್ತು. ಹಮಾಲಿ ಹುಡುಗರೇ ಮೊದಲು ಹೇಳಿದ್ದು, "ಸಾರ್, ವಾಸನೆ ಇದೆ" ಅಂತ.

ಇಳಿಸುವ ಮೊದಲೇ ಅಳತೆ ಮಾಡಿದೆವು. ನಮ್ಮ ಥರ್ಮಾಮೀಟರ್ ಸರಿ ಇದೆಯಾ ಅಂತ ಐಸ್ ನೀರಿನಲ್ಲಿ ಅದ್ದಿ ನೋಡಿದೆವು, ಸೊನ್ನೆ ತೋರಿಸಿತು. ಆಮೇಲೆ 12 ಬಾಕ್ಸ್ ಆರಿಸಿ, ಮೀನಿನ ಗಟ್ಟಿಯಲ್ಲಿ ಡ್ರಿಲ್‌ನಿಂದ ತೂತು ಕೊರೆದು, ಒಳಗೆ ಮೊನೆ ತೂರಿಸಿ ನೋಡಿದೆವು. ನಿಮ್ಮ ಡ್ರೈವರ್ ಪಕ್ಕದಲ್ಲೇ ನಿಂತಿದ್ದ, ರಿಜಿಸ್ಟರಿನಲ್ಲಿ ಅವನ ಸಹಿ ಇದೆ. ಬಾಗಿಲ ಹತ್ತಿರದ ಬಂಗುಡೆ ಮೈನಸ್ 2.1, ಮೈನಸ್ 2.8, ಮೈನಸ್ 3.4. ನಡುವಿನ ಬಂಗುಡೆ ಮೈನಸ್ 7ರಿಂದ 9. ಗೋಡೆಗೆ ಒತ್ತಿ ಜೋಡಿಸಿದ್ದ ಬೂತಾಯಿ ಮೈನಸ್ 4ರಿಂದ 6. ಸಿಗಡಿ ಮೈನಸ್ 8.5. ಎಲ್ಲಕ್ಕಿಂತ ಮುಂದೆ, ಕೂಲಿಂಗ್ ಯೂನಿಟ್ ಬುಡದಲ್ಲಿದ್ದ ಅಂಜಲ್ ತುಂಡುಗಳು ಮಾತ್ರ ಮೈನಸ್ 15.5ರಿಂದ 16.1.

ನಮ್ಮಿಬ್ಬರ ಒಪ್ಪಂದದಲ್ಲಿ ಇರುವುದು ಮೈನಸ್ 18. ದಾರಿಯಲ್ಲಿ ಸ್ವಲ್ಪ ಹೊತ್ತು 3 ಡಿಗ್ರಿ ಏರಿದರೆ ಸರಿ ಅಂತ ಒಪ್ಪಿದ್ದೇವೆ. ಆ ಲೆಕ್ಕದಲ್ಲಿ ಅಂಜಲ್ 15 ಬಾಕ್ಸ್ ತೆಗೆದುಕೊಂಡಿದ್ದೇವೆ. ಬಂಗುಡೆ 60, ಬೂತಾಯಿ 30, ಸಿಗಡಿ 20, ಇಷ್ಟೂ ವಾಪಸ್.

ಡಿಸ್‌ಪ್ಲೇನಲ್ಲಿ ಮೈನಸ್ 14 ಇತ್ತಲ್ಲ ಅಂದಿರಿ. ಇತ್ತು ನಿಜ. ಆದರೆ ಅದು ಯೂನಿಟ್ ಊದುವ ಗಾಳಿಯ ಲೆಕ್ಕ, ಮೀನಿನದ್ದಲ್ಲ. ಯೂನಿಟ್ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೆ ಗಾಳಿ ತಣ್ಣಗಾಗುತ್ತದೆ. ಎರಡು ಟನ್ ಮೀನು ಆಗುವುದಿಲ್ಲ. ಅಷ್ಟಕ್ಕೂ ರೀಫರ್ ಲಾರಿ ಇರುವುದು ತಣ್ಣಗಿದ್ದ ಮಾಲನ್ನು ಹಾಗೇ ಕಾಯೋಕೆ, ಬಿಸಿಯಾದದ್ದನ್ನು ಮತ್ತೆ ಗಟ್ಟಿ ಮಾಡೋಕೆ ಅಲ್ಲ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನೀವೇ ಇಟ್ಟು ಕಳಿಸಿದ್ದ ಲಾಗರ್ ಬಾಗಿಲ ಪಕ್ಕ ನೇತಾಡುತ್ತಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿದೆವು. ರಾತ್ರಿ 11:30ರವರೆಗೆ ಮೈನಸ್ 19, ಒಂದು ಗೆರೆ ಎಳೆದ ಹಾಗೆ ಸರಿಯಾಗಿ ಇದೆ. ಬೆಳಗಿನ ಜಾವ 3ಕ್ಕೆ ಮೈನಸ್ 6. 7 ಗಂಟೆಗೆ ಪ್ಲಸ್ 4. ಆಮೇಲೆ ಇಳಿಯಲು ಶುರು. ಅಂದರೆ ನೀವು ಲೋಡ್ ಮಾಡುವಾಗ ಮಾಲು ಚೆನ್ನಾಗೇ ಇತ್ತು. ಬಿಸಿ ಮಾಲನ್ನೇ ತುಂಬಿದ್ದರೆ ಬಾಕ್ಸ್ ರಾಶಿಯ ನಡುಭಾಗ ಜಾಸ್ತಿ ಬಿಸಿ ಇರಬೇಕಿತ್ತು. ಇಲ್ಲಿ ಉಲ್ಟಾ, ಹೊರಗಿನದ್ದು ಕರಗಿದೆ, ನಡುವಿನದ್ದು ಅಷ್ಟು ಕೆಟ್ಟಿಲ್ಲ. ಶಾಖ ಹೊರಗಿನಿಂದ ಬಂದಿದೆ. ನಿಮ್ಮ ಫ್ರೀಜಿಂಗ್ ಕೆಲಸದ ಮೇಲೆ ನನಗೆ ದೂರಿಲ್ಲ ಅಂತ ಹೇಳೋಕೇ ಇದನ್ನು ಇಷ್ಟು ಬಿಡಿಸಿ ಬರೆದೆ.

ಆಗಿದ್ದೇನು ಅಂತ ಡ್ರೈವರ್ ಮುಚ್ಚಿಡದೆ ಹೇಳಿದ. ಸಂಪಾಜೆ ದಾಟಿ ಕೊಯನಾಡಿನ ಆಚೆ ರಸ್ತೆಗೆ ಮರ ಬಿದ್ದಿತ್ತು. ಹಿಂದೆ ಮುಂದೆ ಗಾಡಿಗಳ ಸಾಲು. ಕೂಲಿಂಗ್ ಯೂನಿಟ್ಟಿನ ಟ್ಯಾಂಕಿನಲ್ಲಿ ಡೀಸೆಲ್ ಕಾಲು ಭಾಗವೂ ಇರಲಿಲ್ಲ. ಪೂರ್ತಿ ಖಾಲಿಯಾದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ ಅನ್ನುವ ಭಯಕ್ಕೆ 11:40ಕ್ಕೆ ಆಫ್ ಮಾಡಿದ. ಹೇಗೂ ಮಳೆ, ಹೊರಗೆ ತಂಪಿದೆ ಅಂದುಕೊಂಡನಂತೆ. ದಾರಿ ಬಿಟ್ಟಾಗ ಬೆಳಗ್ಗೆ 7:05. ಏಳೂವರೆ ಗಂಟೆ ಹತ್ತಿರ ಯೂನಿಟ್ ಓಡಿಲ್ಲ. ನಮಗೆ ತಂಪು ಅನ್ನಿಸುವ ಘಟ್ಟದ ಮಳೆಗಾಳಿ ಮೈನಸ್ 18ರ ಮೀನಿಗೆ ಬಿಸಿಲೇ, ಅಲ್ವಾ?

ದಯವಿಟ್ಟು ಆ ಹುಡುಗನ ಸಂಬಳಕ್ಕೆ ಕೈ ಹಾಕಬೇಡಿ. ಜುಲೈ ತಿಂಗಳಲ್ಲಿ ಘಟ್ಟ ಹತ್ತುವ ಲಾರಿಗೆ ಕಾಲು ಟ್ಯಾಂಕ್ ಡೀಸೆಲ್ ಹಾಕಿ ಕಳಿಸಿದವನು ಅವನಲ್ಲ. ಹಿಂದಿನ ಬಾಗಿಲಿನ ಕೆಳಗಿನ ರಬ್ಬರ್ ಒಂದು ಗೇಣು ಹರಿದಿದೆ, ಅದರ ಫೋಟೋ ಕಳಿಸಿದ್ದೇನೆ. ಬಾಕ್ಸುಗಳನ್ನು ನೆಲಕ್ಕೂ ಪಕ್ಕದ ಗೋಡೆಗೂ ಅಂಟಿಸಿ ಜೋಡಿಸಿದ್ದರು. ಕೆಳಗೆ ಮರದ ಪಟ್ಟಿ ಇಲ್ಲ, ತಣ್ಣನೆ ಗಾಳಿ ಸುತ್ತು ಹೊಡೆಯೋಕೆ ಜಾಗವಿಲ್ಲ. ಇದೂ ಅವನ ಕೆಲಸವಲ್ಲ. ಅವನ ತಪ್ಪು ಒಂದೇ, ರಾತ್ರಿ ನಮಗಾಗಲಿ ನಿಮಗಾಗಲಿ ಫೋನ್ ಮಾಡಲಿಲ್ಲ. ಕೇಳಿದರೆ ಅಲ್ಲಿ ಸಿಗ್ನಲ್ ಇರಲಿಲ್ಲ ಅಂದ. ಆ ರಸ್ತೆ ನನಗೂ ಗೊತ್ತು, ನಂಬಬಹುದಾದ ಮಾತೇ.

ಈಗ "ಗಟ್ಟಿ ಮಾಡಿ" ಅನ್ನುವ ವಿಚಾರ.

ಮೈನಸ್ 2.8 ಅಂದರೆ ಇನ್ನೂ ಮೈನಸ್‌ನಲ್ಲೇ ಇದೆಯಲ್ಲ ಅಂತ ಅನ್ನಿಸುತ್ತದೆ. ಥರ್ಮಾಮೀಟರ್ ನಮ್ಮನ್ನು ಮೋಸ ಮಾಡುವುದು ಅಲ್ಲೇ. ಮೀನಿನೊಳಗಿನ ನೀರಿನಲ್ಲಿ ಉಪ್ಪು, ಸಾರ ಎಲ್ಲ ಇರುತ್ತದೆ. ಹಾಗಾಗಿ ಅದು ಸೊನ್ನೆಗೆ ಒಮ್ಮೆಲೇ ಕರಗುವುದಿಲ್ಲ. ಮೈನಸ್ 5 ದಾಟಿದ ಮೇಲೆ ಒಳಗೊಳಗೇ ಬೇಗ ಕರಗುತ್ತಾ ಹೋಗುತ್ತದೆ, ಥರ್ಮಾಮೀಟರಿನ ಮುಳ್ಳು ಮಾತ್ರ ಸ್ವಲ್ಪವೇ ಅಲ್ಲಾಡುತ್ತದೆ. ಮೈನಸ್ 3ರ ಹತ್ತಿರ ಬಂದ ಮೀನಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ನೀರು ಮಂಜುಗಡ್ಡೆಯಾಗಿ ಉಳಿದಿರುವುದಿಲ್ಲ. ಅದನ್ನು ಮತ್ತೆ ನಮ್ಮ ರೂಮಿಗೆ ಹಾಕಿದರೆ ನಿಧಾನಕ್ಕೆ ಹೆಪ್ಪುಗಟ್ಟುತ್ತದೆ. ನಮ್ಮದು ದಾಸ್ತಾನು ರೂಮು, ನಿಮ್ಮಲ್ಲಿರುವ ಹಾಗೆ ಬ್ಲಾಸ್ಟ್ ಫ್ರೀಜರ್ ಅಲ್ಲ. ನಿಧಾನಕ್ಕೆ ಗಟ್ಟಿಯಾದರೆ ಒಳಗೆ ದೊಡ್ಡ ದೊಡ್ಡ ಹರಳು ಕಟ್ಟಿ ಮಾಂಸದ ಎಳೆಗಳನ್ನು ಹರಿದು ಹಾಕುತ್ತವೆ. ಗಿರಾಕಿ ಮನೆಯಲ್ಲಿ ಕರಗಿಸಿದಾಗ ಅರ್ಧ ಸಾರ ಪಾತ್ರೆಯ ತಳದಲ್ಲಿ. ಮೀನು ಹತ್ತಿ ತಿಂದ ಹಾಗೆ. ಸಿಗಡಿಯ ಕಥೆ ನೋಡಿ: ಒಳ್ಳೆ ಪ್ಯಾಕೆಟ್ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಇದು ಒಂದೇ ಮುದ್ದೆ, ಪ್ಯಾಕೆಟ್ಟಿನ ಒಂದು ಮೂಲೆಯಲ್ಲಿ ಐಸ್ ಗಡ್ಡೆ. ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ರುಚಿಯ ಮಾತು ಬಿಟ್ಟರೂ ಬಂಗುಡೆ, ಬೂತಾಯಿ ಎರಡೂ ಹಿಸ್ಟಮಿನ್ ಕಟ್ಟುವ ಜಾತಿ. ಮೀನು ಬಿಸಿಯಾದಾಗ ಬ್ಯಾಕ್ಟೀರಿಯಾದಿಂದ ಆಗುವಂಥದ್ದು ಅದು. ಒಮ್ಮೆ ಆಯಿತು ಅಂದರೆ ಬೇಯಿಸಿದರೂ ಹೋಗುವುದಿಲ್ಲ, ಮತ್ತೆ ಫ್ರೀಜ್ ಮಾಡಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಆ ಒಂದು ರಾತ್ರಿಯಲ್ಲೇ ಇದೆಲ್ಲ ವಿಷ ಆಯಿತು ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಹೆದರಿಸುವುದು ನನಗೆ ಇಷ್ಟವಿಲ್ಲ. ಆದರೆ ಗಟ್ಟಿಯಾದ ಮೇಲೆ ಅದು ಚೆನ್ನಾಗಿರುವ ಬಾಕ್ಸಿನ ಹಾಗೇ ಕಾಣುತ್ತದೆ. ನನ್ನಿಂದ ಅದನ್ನು ಕೊಳ್ಳುವ ಸುಂಟಿಕೊಪ್ಪದ ಅಂಗಡಿಯವನಿಗೂ, ಮಡಿಕೇರಿಯ ಹೋಂಸ್ಟೇ ಅಡುಗೆಯವರಿಗೂ ಹಿಂದಿನ ರಾತ್ರಿ ಏನಾಯಿತು ಅಂತ ಗೊತ್ತಾಗುವ ದಾರಿ ಇಲ್ಲ. ಗೊತ್ತಿರುವವನು ನಾನೊಬ್ಬ. ಗೊತ್ತಿದ್ದೂ ಹೇಗೆ ಮಾರಲಿ?

ಸದ್ಯಕ್ಕೆ 110 ಬಾಕ್ಸುಗಳನ್ನೂ ಖಾಲಿ ಇದ್ದ ಚಿಕ್ಕ ರೂಮಿನಲ್ಲಿ ಬೇರೆಯಾಗಿ ಇಟ್ಟು, "ಮಾರಾಟಕ್ಕಲ್ಲ" ಅಂತ ಕೆಂಪು ಚೀಟಿ ಅಂಟಿಸಿದ್ದೇವೆ. ರಸ್ತೆ ಬದಿ ಕೊಳೆಯದಿರಲಿ ಅಂತ ಒಳಗೆ ಇಟ್ಟಿದ್ದು ಅಷ್ಟೆ, ಮಾಲು ಒಪ್ಪಿಕೊಂಡೆವು ಅಂತ ಅರ್ಥವಲ್ಲ. ಶನಿವಾರ 19ರ ಸಂಜೆಯೊಳಗೆ ಲಾರಿ ಕಳಿಸಿ ತೆಗೆದುಕೊಂಡು ಹೋಗಿ. ಮೀನು ಹಿಟ್ಟಿನ ಕಾರ್ಖಾನೆಗೆ ಕೊಟ್ಟರೆ ಸ್ವಲ್ಪವಾದರೂ ದುಡ್ಡು ಬರಬಹುದು. ಬೇರೆ ಊರಿನ ಮಾರ್ಕೆಟ್ಟಿಗೆ ಮಾತ್ರ ಕಳಿಸಬಾರದು. ತಿನ್ನುವವರಿಗೆ ಮಾರುವುದಿಲ್ಲ ಅಂತ ಒಂದು ಸಾಲು ಬರೆದು ಕೊಟ್ಟರೆ ಆ ಕ್ಷಣವೇ ಬಾಕ್ಸ್ ಬಿಡುತ್ತೇನೆ. ಇದನ್ನು ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಲೆಕ್ಕ ಹೀಗಿದೆ. ಪೂರ್ತಿ ಬಿಲ್ 4,63,000 ರೂಪಾಯಿ. ತಿರಸ್ಕರಿಸಿದ್ದು ಬಂಗುಡೆ 2,16,000, ಬೂತಾಯಿ 72,000, ಸಿಗಡಿ 82,000, ಒಟ್ಟು 3,70,000. ಇಷ್ಟಕ್ಕೆ ಕ್ರೆಡಿಟ್ ನೋಟ್ ಕಳಿಸಿ. ಅಂಜಲ್‌ನ 93,000 ಸೋಮವಾರ ಬ್ಯಾಂಕಿಗೆ ಹಾಕುತ್ತೇನೆ. ಇಳಿಸುವ ಹಮಾಲಿ 3,200 ನಾನೇ ಕೊಟ್ಟಿದ್ದೇನೆ, ಅದನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಿರಿ. ಲೋಡಿಗೆ ನಿಮ್ಮ ಕಡೆಯಿಂದ ಇನ್ಶೂರೆನ್ಸ್ ಇದ್ದರೆ ಲಾಗರ್ ಫೈಲ್, ಅಳತೆಯ ರಿಜಿಸ್ಟರ್ ಪುಟ, 23 ಫೋಟೋ ಎಲ್ಲ ನಿಮ್ಮ ವಾಟ್ಸಾಪ್‌ಗೆ ಹಾಕಿದ್ದೇನೆ. ಸರ್ವೇಯರ್ ಬಂದು ನೋಡುವುದಾದರೆ ಶನಿವಾರದೊಳಗೆ ಬರಲಿ, ಬಾಕ್ಸ್ ಮುಟ್ಟದೆ ಇಟ್ಟಿರುತ್ತೇನೆ.

ನನ್ನ ನಿಜವಾದ ಕಷ್ಟ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ಕಮ್ಮಿ, ಬಂದದ್ದರ ರೇಟೂ ಕೇಳೋ ಹಾಗಿಲ್ಲ. ಇಲ್ಲಿ ಹೊರಗೆ ಕಾಲಿಡಲಾಗದ ಮಳೆ, ಜನ ಅಕ್ಕಿ ರೊಟ್ಟಿಗೆ ಬಂಗುಡೆ ಸಾರು ಬೇಕು ಅಂತಾರೆ. ಇಡೀ ವರ್ಷದಲ್ಲಿ ಫ್ರೋಜನ್ ಬಂಗುಡೆ ಜಾಸ್ತಿ ಓಡುವುದೇ ಈ ಎರಡು ತಿಂಗಳು. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಯ ಅಂಗಡಿಗಳಿಗೆ ಮಾತು ಕೊಟ್ಟಾಗಿದೆ. ಬ್ಯಾನ್‌ಗೆ ಮೊದಲು ಹಿಡಿದು ಫ್ರೀಜ್ ಮಾಡಿದ ಸ್ಟಾಕಿನಿಂದ ಕನಿಷ್ಠ 600 ಕಿಲೋ ಬಂಗುಡೆ ಮಂಗಳವಾರ 22ರ ಬೆಳಗ್ಗೆಯೊಳಗೆ ಕಳಿಸಿ. ಬೂತಾಯಿ, ಸಿಗಡಿ ಒಂದು ವಾರ ತಡವಾದರೂ ನಡೆಯುತ್ತದೆ. ಮಂಗಳವಾರ ಆಗುವುದಿಲ್ಲ ಅಂದರೆ ನಾಳೆ ಮಧ್ಯಾಹ್ನದೊಳಗೆ ನೇರವಾಗಿ ಹೇಳಿಬಿಡಿ, ಬೇರೆ ಕಡೆ ಕೇಳುತ್ತೇನೆ.

ಮುಂದಿನ ಲಾರಿಗೆ ಆ ರಬ್ಬರ್ ಬದಲಾಯಿಸಿಯೇ ಕಳಿಸಿ. ಯೂನಿಟ್ಟಿನ ಟ್ಯಾಂಕ್ ಫುಲ್ ಇರಲಿ, ಕೆಳಗೆ ಪಟ್ಟಿ ಹಾಕಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಜೋಡಿಸಲಿ. ಹೊರಡುವ ಮುನ್ನ ಡ್ರೈವರಿಗೆ ನನ್ನ ನಂಬರ್ ಕೊಡಿ. ಸುಳ್ಯ ಬಿಡುವಾಗ ಒಂದು ಕರೆ ಮಾಡಿದರೆ ಸಾಕು, ಘಟ್ಟದ ರಸ್ತೆ ಹೇಗಿದೆ ಅಂತ ನಾನು ವಿಚಾರಿಸಿ ಹೇಳುತ್ತೇನೆ. ದಾರಿ ಬಂದ್ ಆಗಿದ್ದರೆ ಸುಳ್ಯದಲ್ಲೇ ನಿಲ್ಲಿಸಲಿ, ಅಲ್ಲಿ ಡೀಸೆಲ್ಲಾದರೂ ಸಿಗುತ್ತದೆ.

ನಾಳೆ ನಿಮ್ಮ ಫೋನಿಗೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮ್ಯಾನೇಜರ್
ಕೋಲ್ಡ್ ಸ್ಟೋರೇಜ್, ಕುಶಾಲನಗರ

ಮತ್ತೆ: ಡ್ರೈವರ್ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಇಲ್ಲೇ ಊಟ ಮಾಡಿಸಿ, ಯೂನಿಟ್ಟಿಗೆ 20 ಲೀಟರ್ ಡೀಸೆಲ್ ಹಾಕಿಸಿ ಕಳಿಸಿದ್ದೇನೆ. ಡೀಸೆಲ್ ಬಿಲ್ ಅವನ ಕೈಯಲ್ಲಿದೆ.